ಹೋದ ತಿಂಗಳು ಬರೆದ ಹೆಸರು

ಮೈದುನ ಚಲುವಯ್ಯ ಮಹದೇವಪುರದಿಂದ ನಡೆದು ಬಂದು ಬಂಗಲೆಯ ಹಿಂದಿನ ಬೇಲಿಯ ಹತ್ತಿರ ನಿಂತಾಗಲೇ, ಇವನು ಒಳ್ಳೆಯ ಮಾತಿಗೆ ಬಂದವನಲ್ಲ ಎಂದು ಮುನಿಲಕ್ಷ್ಮಮ್ಮನಿಗೆ ತಿಳಿದುಹೋಯಿತು. ಒಳ್ಳೆಯ ಮಾತಿಗೆ ಬಂದಿದ್ದರೆ ಅವಳ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದ. ಅವನ ಹೆಗಲ ಮೇಲೆ ಟವಲು ಮಾತ್ರ ಇತ್ತು.

ದೊರೆಸಾನಿಯ ಮಗುವನ್ನು ತೊಟ್ಟಿಲಿಗೆ ಹಾಕಿ ಅವಳು ಹೊರಗೆ ಬಂದಳು. ನೀರು ಕೊಟ್ಟಳು. ಅವನು ಕುಡಿದು, ಚೊಂಬನ್ನು ಕೆಳಗಿಟ್ಟು, ಬೇಲಿಯ ಕಡೆ ನೋಡುತ್ತಾ ಹೇಳಿದ.

"ದುಡ್ಡು ಬರ್ಲಿಲ್ಲ ಅತ್ತಿಗೆ."

"ಯಾವ ದುಡ್ಡು?"

"ಇಪ್ಪತ್ತೈದು ರೂಪಾಯಿ. ನೀವೇ ಒಪ್ಕೊಂಡಿದ್ದು."

ಒಪ್ಪಿಕೊಂಡಿದ್ದು ನಿಜ. ಅವಳ ಗಂಡ ಸೈನ್ಯದ ಲಾರಿ ಓಡಿಸಲು ಬರ್ಮಾದ ಗಡಿಗೆ ಹೋದಮೇಲೆ, ಅವಳು ದೊರೆಗಳ ಸೈನ್ಯ ಬೀಡುಬಿಟ್ಟ ದಂಡಿನ ಈ ಬಂಗಲೆಯಲ್ಲಿ ಆಯಾ ಕೆಲಸಕ್ಕೆ ಸೇರಿದ್ದಳು. ಐದು ವರ್ಷದ ಕೆಂಪಿ ಮಾವನ ಮನೆಯಲ್ಲೇ ಉಳಿದಿದ್ದಳು. ಈಚೆಗೆ ದೊರೆಸಾನಿ, ಮಗಳನ್ನು ಕರೆದುಕೊಂಡು ಬಾ, ಹಿಂದಿನ ಕೋಣೆಯಲ್ಲಿ ನಿನ್ನ ಜೊತೆ ಇರಲಿ ಅಂದಿದ್ದಳು. ಹಲಸೂರಿನ ಮಿಷನ್ ಸ್ಕೂಲಿನಲ್ಲಿ ಫೀಸಿಲ್ಲದೆ ಸೇರಿಸಿಕೊಳ್ಳುತ್ತಾರೆ ಎಂದೂ ವಿಚಾರಿಸಿ ಹೇಳಿದ್ದಳು. ಮಾವ ಮಾತ್ರ ಒಪ್ಪಿರಲಿಲ್ಲ. ಹುಡುಗಿ ಹೋದರೆ ಕರು ಮೇಯಿಸುವವರು ಯಾರು, ನೀನು ಅಲ್ಲಿ ದೊರೆಗಳ ಮನೆಯಲ್ಲಿ ಹೇಗಿರುತ್ತೀಯೋ ನೋಡಿದವರು ಯಾರು ಎಂದು ಶುರುಮಾಡಿ, ಕೊನೆಗೆ ಒಂದು ಮಾತಿಗೆ ಬಂದಿದ್ದ. ಕರೆಯೋ ಹಸು ಒಂದು ವ್ಯಾಪಾರಕ್ಕೆ ಬಂದಿದೆ, ನಿನ್ನ ಪಾಲಿನ ಇಪ್ಪತ್ತೈದು ಕಳಿಸು, ಮಗಳನ್ನು ಕರೆದುಕೊಂಡು ಹೋಗು.

ಅವಳು ಮೂರು ತಿಂಗಳ ಸಂಬಳದಿಂದ ಉಳಿಸಿ ಅಷ್ಟನ್ನೂ ಮನಿಯಾರ್ಡರ್ ಮಾಡಿದ್ದಳು. ಅದು ತಲುಪಿದ್ದಕ್ಕೆ ಅಂಚೆಯವನು ತಂದುಕೊಟ್ಟ ಚೀಟಿಯೂ ಅವಳ ತಗಡಿನ ಪೆಟ್ಟಿಗೆಯಲ್ಲಿತ್ತು. ಓಡಿಹೋಗಿ ತಂದು ತೋರಿಸಿದಳು. ಚೀಟಿಯ ಕೆಳಗೆ ಹೆಬ್ಬೆಟ್ಟಿನ ಗುರುತು ಕಪ್ಪಗೆ ಎದ್ದು ಕಾಣುತ್ತಿತ್ತು.

ಚಲುವಯ್ಯನಿಗೂ ಓದು ಬಾರದು. ಚೀಟಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ವಾಪಸು ಕೊಟ್ಟ. "ಹೆಬ್ಬೆಟ್ಟು ಎಲ್ರಿಗೂ ಐತೆ ಅತ್ತಿಗೆ," ಅಂದ. ಸಂಕ್ರಾಂತಿಯ ಒಳಗೆ ದುಡ್ಡು ಬರದಿದ್ದರೆ ಕೆಲಸ ಬಿಟ್ಟು ಊರಿಗೆ ಬರಬೇಕಂತೆ, ದಂಡಿನ ನೀರು ಕುಡಿದದ್ದು ಸಾಕಂತೆ, ಇದು ಅಪ್ಪನ ಮಾತು, ನನ್ನದಲ್ಲ ಎಂದು ಹೇಳಿ ಹೊರಟುಹೋದ.

ಆ ದಿನವೆಲ್ಲ ಮುನಿಲಕ್ಷ್ಮಮ್ಮ ಮಗುವಿನ ಬಟ್ಟೆ ಒಗೆದಳು, ಹಾಲು ಕಾಯಿಸಿದಳು, ಆದರೆ ಮನಸ್ಸು ಒಂದೇ ಕಡೆ ಸುತ್ತುತ್ತಿತ್ತು. ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆದುಕೊಂಡಿದ್ದಾರೆ. ತೆಗೆದುಕೊಂಡು ಇಲ್ಲ ಅನ್ನುತ್ತಿದ್ದಾರೆ. ಇನ್ನೊಂದು ಸಲ ಕಳಿಸಲಿ ಅಂತಲೋ? ಇಲ್ಲ, ಮಗುವನ್ನು ಬಿಡಲೇಬಾರದು ಅಂತಲೋ? ಮಾವ ಗಡಸು ಮನುಷ್ಯ, ಆದರೆ ಕಳ್ಳನಲ್ಲ ಎಂದು ಇಷ್ಟು ದಿನ ನಂಬಿದ್ದಳು. ಒಗೆಯುತ್ತಿದ್ದ ಬಟ್ಟೆಯನ್ನು ಕಲ್ಲಿಗೆ ಬೇಕಾದ್ದಕ್ಕಿಂತ ಹೆಚ್ಚೇ ಬಡಿದಳು.

ಬಂಗಲೆಯ ಬಟ್ಲರ್ ಅಕ್ತರ್ ಸಾಬರು ದೊರೆಯ ಜೊತೆ ಊಟಿಗೆ ಹೋಗಿದ್ದವರು ಆ ವಾರ ವಾಪಸಾದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಚೀಟಿಯನ್ನು ಕನ್ನಡಕದ ಹತ್ತಿರ ತಂದು ಓದಿ, ಅವಳ ಮುಖ ನೋಡಿ, ಮತ್ತೆ ಓದಿದರು.

"ನಿಮ್ಮ ಮಾವನ ಹೆಸರು ಚಿಕ್ಕವೆಂಕಟಪ್ಪ ಅಲ್ವಾ ಲಕ್ಷ್ಮಮ್ಮ? ಇದ್ರಲ್ಲಿ ಮುನಿಆಂಜನಪ್ಪ ಅಂತಿದೆ. ಗರುಡಾಚಾರ್‌ಪಾಳ್ಯ. ಕೆ.ಆರ್. ಪುರ ಪೋಸ್ಟು."

ಹೇಗಾಯಿತು ಎಂದು ಅವಳಿಗೆ ಆಗಲೇ ಹೊಳೆಯಿತು. ಅದಕ್ಕೂ ಹಿಂದಿನ ತಿಂಗಳು ಮಗಳ ಬಟ್ಟೆಗೆಂದು ಎರಡು ರೂಪಾಯಿ ಕಳಿಸಿದಾಗ ಅಕ್ತರ್ ಸಾಬರೇ ಜೊತೆಗೆ ಬಂದು, ಚಲುವಯ್ಯನಿಂದ ಕೇಳಿಟ್ಟುಕೊಂಡಿದ್ದ ಹೆಸರು ಊರು ಎಲ್ಲ ಹೇಳಿ ಬರೆಸಿದ್ದರು. ಈ ಸಲ ಅವರು ಊಟಿಯಲ್ಲಿದ್ದರು. ಅವಳೊಬ್ಬಳೇ ಹತ್ತಿರದ ಬ್ಲಾಕ್‌ಪಳ್ಳಿ ಪೇಟೆಯ ಅಂಚೆ ಕಛೇರಿಗೆ ಹೋಗಿ, ಹೊರಗೆ ಮರದ ಕೆಳಗೆ ಚಾಪೆ ಹಾಸಿ ಕೂರುವ, ಹೋದ ಸಲವೂ ಬರೆದುಕೊಟ್ಟಿದ್ದ ಹಬೀಬ್ ಸಾಬರಿಂದಲೇ ಫಾರಂ ಬರೆಸಿದ್ದಳು. ಹಬೀಬ್ ಸಾಬರು ಕಾಗದ, ಅರ್ಜಿ, ಮನಿಯಾರ್ಡರ್ ಎಲ್ಲವನ್ನೂ ಬೇಕಾದ ಭಾಷೆಯಲ್ಲಿ ಬರೆದುಕೊಡುವವರು. ಯಾರ ಹೆಸರಿಗೆ ಎಂದು ಅವರು ಕೇಳಿದ್ದರು. ಮಾವನ ಹೆಸರನ್ನು ಸೊಸೆ ಹೇಗೆ ಹೇಳುತ್ತಾಳೆ? ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಅವಳು ಮದುವೆಯಾದ ದಿನದಿಂದ ಬಾಯಲ್ಲಿ ತಂದವಳಲ್ಲ. ಅದನ್ನೇ ಹೇಳಿ, ಹೋದ ತಿಂಗಳು ಕೆ.ಆರ್. ಪುರಕ್ಕೆ ಬರೆದ್ರಲ್ಲ, ಅದೇ ಹೆಸರು ಹಾಕಿ ಅಂದಿದ್ದಳು. ಮಗುವಿನ ವಿಷಯ ಮರೆಯಬೇಡಿ ಅಂತ ಒಂದು ಮಾತೂ ಇರಲಿ ಅಂದಿದ್ದಳು. ಅವರು ತಲೆದೂಗಿ ಬರೆದಿದ್ದರು. ಅವಳು ಹೆಬ್ಬೆಟ್ಟು ಒತ್ತಿದ್ದಳು.

ಮಾರನೆಯ ದಿನ ಅಕ್ತರ್ ಸಾಬರು ಬಿಡುವು ಮಾಡಿಕೊಂಡು ಜೊತೆಗೆ ಬಂದರು. ಕೌಂಟರಿನ ಗುಮಾಸ್ತ ಒರಟನೇನಲ್ಲ. ರಸೀದಿಯನ್ನೂ ಚೀಟಿಯನ್ನೂ ನೋಡಿ ಬಿಡಿಸಿ ಹೇಳಿದ. ಫಾರಮ್ಮಿನಲ್ಲಿ ಯಾರ ಹೆಸರಿತ್ತೋ ಅವರಿಗೇ ಅಂಚೆಯವನು ಸಾಕ್ಷಿ ಇಟ್ಟುಕೊಂಡು ಹಣ ಕೊಟ್ಟಿದ್ದಾನೆ. ಕೊಡುವುದಕ್ಕೆ ಮುಂಚೆ ಬಂದಿದ್ದರೆ ಅರ್ಜಿ ಬರೆಸಿಕೊಂಡು ಹೆಸರು ಬದಲಾಯಿಸಬಹುದಿತ್ತು. ಈಗ ಹಣ ಕೈ ಸೇರಿದೆ, ಕಛೇರಿ ವಾಪಸು ತರಿಸುವ ಹಾಗಿಲ್ಲ. ಆ ಮನುಷ್ಯನನ್ನೇ ಕೇಳಿಕೊಳ್ಳಬೇಕು. ಅವನು ಮನಸ್ಸು ಮಾಡಿದರೆ ಅವಳ ಹೆಸರಿಗೆ ಮನಿಯಾರ್ಡರ್ ಮಾಡಬಹುದು, ಇಲ್ಲ ಕೈಯಲ್ಲೇ ಕೊಡಬಹುದು.

ಹೊರಗೆ ಹಬೀಬ್ ಸಾಬರ ಮುಂದೆ ನಿಂತಾಗ ಅವಳ ಬಾಯಿ ನಿಲ್ಲಲಿಲ್ಲ. ಆ ಮುನಿಆಂಜನಪ್ಪ ನಿಮಗೆ ಏನಾಗಬೇಕು, ನಿಮ್ಮಿಬ್ಬರಿಗೂ ಅರ್ಧರ್ಧ ಪಾಲೋ ಎಂದು ಕೇಳಿಯೇಬಿಟ್ಟಳು. ಹಬೀಬ್ ಸಾಬರು ಲೇಖನಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೊನೆಯವರೆಗೂ ಕೇಳಿಸಿಕೊಂಡರು.

"ನೀನು ಬೈಯಮ್ಮ, ಸರಿಯೇ. ತಪ್ಪು ನಂದು. ಕೆ.ಆರ್. ಪುರ ಅಂದ ತಕ್ಷಣ ನನ್ನ ತಲೇಲಿ ನಿಂತಿದ್ದು ಅದೇ ಹೆಸರು. ಆ ತಿಂಗಳು ಒಬ್ಬ ಲಾರಿಯೋನು ಬಂದು ಆ ಹೆಸರಿಗೆ ಫಾರಂ ಬರೆಸ್ದ. ಬರೆದಾದ್ಮೇಲೆ ದುಡ್ಡು ಸಾಲಲ್ಲ ಅಂತ ಫಾರಂ ಜೇಬಲ್ಲಿಟ್ಕೊಂಡು ಹೊರಟೇಹೋದ, ನನ್ನ ಬರವಣಿಗೆ ಕಾಸೂ ಕೊಡ್ಲಿಲ್ಲ. ಕಾಸು ಕೊಟ್ಟೋರು ಮರೆತುಹೋಗ್ತಾರೆ ತಾಯಿ, ಕೊಡ್ದೆ ಹೋದೋರು ಮರೆಯಲ್ಲ."

ಒಳ್ಳೆ ಕಥೆ ಕಟ್ಟುತ್ತಾನೆ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಆದರೂ ಅವರು ಕಾಸು ತೆಗೆದುಕೊಳ್ಳದೆ ಒಂದು ಕಾರ್ಡು ಬರೆದುಕೊಟ್ಟರು. ಕಾನೂನು, ಪೊಲೀಸು ಅಂತ ಒಂದಕ್ಷರವೂ ಬೇಡ, ಹಾಗಂದರೆ ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ಬುದ್ಧಿಯನ್ನೂ ಹೇಳಿದರು. ಬರೆದದ್ದನ್ನು ಓದಿ ಹೇಳಿದರು.

"ಮುನಿಆಂಜನಪ್ಪನವರಿಗೆ ಮುನಿಲಕ್ಷ್ಮಮ್ಮ ಮಾಡುವ ನಮಸ್ಕಾರಗಳು. ನಾನು ಬೇರೆಯವರಿಗೆ ಕಳಿಸಿದ ಇಪ್ಪತ್ತೈದು ರೂಪಾಯಿ ಬರೆದವರ ತಪ್ಪಿನಿಂದ ನಿಮಗೆ ಬಂದಿದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಬಡವಳ ದುಡಿಮೆ ಎಂದು ತಿಳಿದು, ದಯವಿಟ್ಟು ಹಿಂದಕ್ಕೆ ಕಳಿಸಿಕೊಟ್ಟರೆ ನಿಮ್ಮ ಉಪಕಾರ ಮರೆಯುವುದಿಲ್ಲ. ಕಳಿಸುವ ಖರ್ಚನ್ನು ಅದರಲ್ಲೇ ಹಿಡಿದುಕೊಳ್ಳಬಹುದು."

ಉತ್ತರ ಬರಲಿಲ್ಲ. ಕಾದಳು. ಮತ್ತೆ ಕಾದಳು. ಅಂಚೆಯವನು ಬಂಗಲೆಯ ಗೇಟಿಗೆ ಬಂದಾಗಲೆಲ್ಲ ಮಗುವನ್ನು ಎತ್ತಿಕೊಂಡೇ ಓಡುತ್ತಿದ್ದಳು. ಸಂಕ್ರಾಂತಿ ಹತ್ತಿರವಾಯಿತು. ಕೊನೆಗೆ ಒಂದು ಭಾನುವಾರ ದೊರೆಸಾನಿಯನ್ನು ಕೇಳಿಕೊಂಡು, ದಂಡು ಸ್ಟೇಷನ್ನಿನಲ್ಲಿ ರೈಲು ಹತ್ತಿ, ಬೈಯಪ್ಪನಹಳ್ಳಿ ದಾಟಿ ಕೆ.ಆರ್. ಪುರದಲ್ಲಿ ಇಳಿದಳು.

ಮೊದಲು ಹೋದದ್ದು ಮಹದೇವಪುರಕ್ಕೆ, ಮಾವನ ಮನೆಗೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ನಂಬುತ್ತಾರೆ ಎಂದುಕೊಂಡಿದ್ದಳು. ಮಾವ ಜಗಲಿಯ ಮೇಲೆ ಕೂತು ಪೂರ್ತಿ ಕೇಳಿದ. ಕೇಳಿ, ಎಲೆಯಡಿಕೆ ಉಗುಳಿ, ಒಂದೇ ಪ್ರಶ್ನೆ ಹಾಕಿದ.

"ಗರುಡಾಚಾರ್‌ಪಾಳ್ಯದಲ್ಲಿ ನಿಂಗೆ ಯಾರವ್ರೆ?"

"ಯಾರೂ ಇಲ್ಲ ಮಾವ."

"ಯಾರೂ ಇಲ್ದೋರಿಗೆ ಇಪ್ಪತ್ತೈದು ರೂಪಾಯಿ ಕಳಿಸ್ದೆ?"

ಒಳಗೆ ವಾರಗಿತ್ತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ಹೆಸರು ಹೇಳಲಾರದೆ ಹೀಗಾಯಿತು ಎಂದು ಅವಳು ಇನ್ನೊಮ್ಮೆ ಹೇಳಿದಳು. ಮಾವ ನಕ್ಕ. ಹೆಸರು ಹೇಳದ ಸೊಸೆಯರು ಊರು ತುಂಬ ಇದ್ದಾರೆ, ಅವರ ದುಡ್ಡೆಲ್ಲ ಮನೆಗೇ ಬರುತ್ತದೆ ಅಂದ. ದುಡ್ಡು ತಂದರೆ ಮಾತಾಡು, ಇಲ್ಲದಿದ್ದರೆ ಸೀರೆ ಗಂಟು ಕಟ್ಟಿಕೊಂಡು ಇಲ್ಲಿಗೇ ಬಾ ಅಂದ.

ಅವಳು ಎದ್ದಾಗ ಕೆಂಪಿ ಬಂದು ಸೆರಗು ಹಿಡಿದುಕೊಂಡಳು. ಕೂದಲು ಜಡೆಗಟ್ಟಿತ್ತು, ಕಾಲಿನ ಹಿಮ್ಮಡಿ ಒಡೆದಿತ್ತು. ಬಿಡಿಸಿಕೊಳ್ಳಲು ನೋಡಿದರೆ ಇನ್ನೂ ಗಟ್ಟಿಯಾಗಿ ಹಿಡಿದಳು. ಇಲ್ಲೇ ಪಕ್ಕದ ಊರು, ಹೋಗಿ ಬರುತ್ತೇವೆ ಎಂದು ಮಾವನಿಗೆ ಹೇಳಿ ಕರೆದುಕೊಂಡೇ ಹೊರಟಳು. ಹಾದಿಯುದ್ದಕ್ಕೂ ಹಬೀಬ್ ಸಾಬರು ಹೇಳಿದ್ದನ್ನು ಬಾಯಲ್ಲೇ ಹೇಳಿಕೊಂಡಳು. ತಪ್ಪು ನಮ್ಮದು, ನಿಮ್ಮದಲ್ಲ. ಮೊದಲು ಅದನ್ನೇ ಹೇಳಬೇಕು. ಗಂಟಲು ಏರಿಸಬಾರದು. ದುಡ್ಡು ಖರ್ಚಾಗಿದ್ದರೆ ಸ್ವಲ್ಪ ಸ್ವಲ್ಪವಾಗಿ ಕೊಡಿ ಅನ್ನಬೇಕು.

ಗರುಡಾಚಾರ್‌ಪಾಳ್ಯದಲ್ಲಿ ಮುನಿಆಂಜನಪ್ಪನ ಮನೆ ಕೇಳಿದ್ದಕ್ಕೆ ಬಾವಿಯ ಹತ್ತಿರದ ಹೆಂಗಸರು ಅವಳನ್ನೂ ಮಗುವನ್ನೂ ಕೆಳಗಿನಿಂದ ಮೇಲಕ್ಕೆ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಕೈ ತೋರಿಸಿದಳು. ಬೆನ್ನ ಹಿಂದೆ, ಬಂದೇಬಿಟ್ಲು ನೋಡು ಅಂದದ್ದು ಕೇಳಿಸಿತು. ಮುನಿಲಕ್ಷ್ಮಮ್ಮ ಮಗುವಿನ ಕೈ ಹಿಡಿದುಕೊಂಡಳು. ಈ ಊರಿನಲ್ಲಿ ತನ್ನನ್ನು ಕಾದವರು ಯಾರು?

ಚಪ್ಪರದ ಕೆಳಗೆ ಮುದುಕನೊಬ್ಬ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ಅವನೇ ಮುನಿಆಂಜನಪ್ಪ. ಹೆಂಡತಿ ಗೋವಿಂದಮ್ಮ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. ಮುನಿಲಕ್ಷ್ಮಮ್ಮ ಕೈಮುಗಿದು, ಕಾರ್ಡು ಬರೆಸಿದವಳು ನಾನೇ ಅಂದಳು. ಮುದುಕನ ಕೈ ಹಗ್ಗದ ಮೇಲೆ ನಿಂತಿತು. ಗೋವಿಂದಮ್ಮ ಮೊರ ಕೆಳಗಿಟ್ಟಳು. ಅವಳು ನೋಡಿದ್ದು ಬಂದವಳನ್ನಲ್ಲ, ಕೆಂಪಿಯನ್ನು. ಹತ್ತಿರ ಕರೆದು, ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಕಿವಿಯ ಹಿಂದೆ ಕೂದಲು ಸರಿಸಿ ನೋಡಿದಳು.

"ಕಿವಿ ಅವ್ನದೇ," ಅಂದಳು ಗಂಡನಿಗೆ.

ಮುನಿಲಕ್ಷ್ಮಮ್ಮನಿಗೆ ಇದು ಹುಚ್ಚೋ ನಾಟಕವೋ ತಿಳಿಯಲಿಲ್ಲ. ದುಡ್ಡು ನುಂಗಿದವರು ಹೀಗೂ ಮಾಡುತ್ತಾರೇನೋ ಎಂದುಕೊಂಡಳು. ಆದರೂ ಕಲಿತುಕೊಂಡು ಬಂದದ್ದನ್ನು ಬಿಡಲಿಲ್ಲ.

"ತಪ್ಪು ನಮ್ದು ತಾಯಿ, ನಿಮ್ದಲ್ಲ. ನಿಮ್ಮ ಹೆಸ್ರಿಗೆ ಬಂದಿದ್ದಕ್ಕೆ ನೀವು ಇಸ್ಕೊಂಡ್ರಿ, ಯಾರಾದ್ರೂ ಇಸ್ಕೋತಾರೆ. ಅದು ಈ ಮಗೂಗೋಸ್ಕರ ಕೂಡಿಟ್ಟ ದುಡ್ಡು. ಖರ್ಚಾಗಿದ್ರೆ ನಿಧಾನಕ್ಕೆ ಕೊಡಿ. ನಾನು ಜಗಳಕ್ಕೆ ಬಂದಿಲ್ಲ."

"ಜಗಳ ಯಾಕೆ ಬತ್ತದೆ," ಅಂದಳು ಗೋವಿಂದಮ್ಮ. "ಮೊದ್ಲು ಕೂತು ಊಟ ಮಾಡಿ."

ಒಲ್ಲೆ ಅನ್ನುವ ಮುಂಚೆಯೇ ಮುದ್ದೆ, ಅವರೆಕಾಳಿನ ಸಾರು ಬಂತು. ಕೆಂಪಿ ಬೆಳಗಿನಿಂದ ಹಸಿದವಳಂತೆ ಉಂಡಳು. ಅವಳು ಉಣ್ಣುವುದನ್ನು ಮುದುಕ ಮುದುಕಿ ಇಬ್ಬರೂ ನೋಡುತ್ತಾ ಕೂತರು. ಆಮೇಲೆ ಗೋವಿಂದಮ್ಮ ಬಿಚ್ಚಿ ಹೇಳಿದಳು. ಅವರಿಗೆ ಪಿಳ್ಳಪ್ಪ ಅಂತ ಒಬ್ಬನೇ ಮಗ. ಹೊಲ ಬಿಟ್ಟು ಲಾರಿ ಕ್ಲೀನರ್ ಕೆಲಸಕ್ಕೆ ಸೇರುತ್ತೇನೆ ಎಂದು ಹಟ ಮಾಡಿದಾಗ ಅಪ್ಪ ಕೆನ್ನೆಗೆ ಬಾರಿಸಿ, ನಾಲ್ಕು ಕಾಸು ದುಡಿದು ಕಳಿಸು, ಆಮೇಲೆ ಈ ಹೊಸಿಲು ತುಳಿ ಅಂದಿದ್ದ. ಹುಡುಗ ಹೋಗಿ ಮೂರು ವರ್ಷ. ಒಂದು ಸುದ್ದಿ ಇಲ್ಲ. ಈಗ ದಂಡಿನಿಂದ ಮನಿಯಾರ್ಡರ್ ಬಂತು. ಕಳಿಸಿದವಳು ಯಾರೋ ಮುನಿಲಕ್ಷ್ಮಮ್ಮ. ಅಂಚೆಯವನು ಫಾರಮ್ಮಿನಿಂದ ಹರಿದುಕೊಟ್ಟ ತುಂಡಿನಲ್ಲಿ, ಮಗುವಿನ ವಿಷಯ ಮರೆಯಬೇಡಿ ಎಂದು ಬರೆದಿತ್ತು.

"ಓದಿಸ್ದಾಗ್ಲೇ ತಿಳೀತು ಕಣಮ್ಮ. ಅವ್ನು ಯಾರ್ನೋ ಕಟ್ಕೊಂಡವ್ನೆ, ಮಗೂನೂ ಆಗೈತೆ, ಬರೋಕೆ ಹೆದ್ರಿಕೊಂಡು ನಿನ್ನ ಹೆಸ್ರಲ್ಲಿ ಕಳಿಸವ್ನೆ ಅಂತ."

ಮಗು ಐದು ವರ್ಷದ್ದು, ನಿಮ್ಮ ಮಗ ಹೋಗಿ ಮೂರು ವರ್ಷ ಎಂದು ಮುನಿಲಕ್ಷ್ಮಮ್ಮ ಹೇಳಿದಳು. ಅದಕ್ಕೆ ಮುಂಚೆಯೂ ಅವನು ದಂಡಿಗೆ ತರಕಾರಿ ಗಾಡಿ ಹೊಡೆಯುತ್ತಿದ್ದ, ಯಾರು ಕಂಡರು ಅಂದಳು ಮುದುಕಿ. ಹಾಗಾದರೆ ದುಡ್ಡು ವಾಪಸು ಕೊಡಿ ಎಂದು ನಾನೇ ಯಾಕೆ ಕಾರ್ಡು ಬರೆಸಲಿ ಎಂದು ಮುನಿಲಕ್ಷ್ಮಮ್ಮ ಕೇಳಿದಳು. ಅದಕ್ಕೂ ಉತ್ತರ ಸಿದ್ಧವಿತ್ತು. ಅವನು ಕಳಿಸಿದ್ದು ನಿನಗೆ ಹೊಟ್ಟೆಕಿಚ್ಚಾಗಿ, ಅವನಿಗೆ ಗೊತ್ತಿಲ್ಲದ ಹಾಗೆ ನೀನು ವಾಪಸು ಕೇಳಿದೆ.

ಅಷ್ಟರಲ್ಲಿ ಮುದುಕ ಕೆಂಪಿಯ ಹತ್ತಿರ ಬಗ್ಗಿ, ನಿಮ್ಮಪ್ಪ ಎಲ್ಲವ್ನೆ ಮಗಾ ಎಂದು ಕೇಳಿದ. ಕೆಂಪಿ ಬೆರಳು ನೆಕ್ಕುತ್ತಾ, ಲಾರೀಲವ್ನೆ ಅಂದಳು. ಹೆಸರೇನು ಎಂದು ಕೇಳಿದ. ಅಪ್ಪ ಅಂದಳು. ಮಾವನ ಮನೆಯಲ್ಲಿ ಅವನನ್ನು ಎಲ್ಲರೂ ದೊಡ್ಡೋನು ಎಂದೇ ಕರೆಯುತ್ತಿದ್ದರು. ಅಮ್ಮನಂತೂ ಹೆಸರು ಎತ್ತಿದವಳಲ್ಲ. ಮಗುವಿಗೆ ಇನ್ನೇನು ಗೊತ್ತು?

ಲಾರಿ ಅಂದದ್ದೇ ತಡ, ಗೋವಿಂದಮ್ಮ ಒಳಗೆ ಹೋಗಿ ರಾಗಿ ಗುಡಾಣಕ್ಕೆ ಕೈ ಹಾಕಿ ಒಂದು ಬಟ್ಟೆಯ ಗಂಟು ತಂದಳು. ಬಿಚ್ಚಿ ತೋರಿಸಿದಳು. ನೋಟುಗಳು ಮಡಿಕೆ ಕೂಡ ಬಿಚ್ಚದ ಹಾಗೆ ಇದ್ದವು. ಮುನಿಲಕ್ಷ್ಮಮ್ಮನ ಕೈ ತಾನಾಗಿಯೇ ಮುಂದೆ ಬಂತು. ಮುದುಕಿ ಗಂಟನ್ನು ಹಿಂದಕ್ಕೆ ಎಳೆದುಕೊಂಡಳು.

"ಒಂದು ಕಾಸು ಮುಟ್ಟಿಲ್ಲ. ಅವ್ನು ಬರ್ಲಿ, ಬಂದು ಅವ್ನೇ ತಗಂಡೋಗ್ಲಿ. ನಿಂಗೆ ಕೊಟ್ಬಿಟ್ರೆ ಅವ್ನು ಯಾಕೆ ಬಂದಾನು?"

"ನಿಮ್ಮ ಮಗನ್ನ ನಾನು ಕಣ್ಣಲ್ಲೂ ಕಂಡಿಲ್ಲ ತಾಯಿ."

"ಹಂಗಾರೆ ನಿನ್ನ ಗಂಡ ಯಾರು? ಹೆಸ್ರು ಹೇಳು."

ಮುನಿಲಕ್ಷ್ಮಮ್ಮ ಬಾಯಿ ತೆರೆದಳು. ದೇಶಾಂತರ ಹೋದ ಗಂಡ, ಗುಂಡು ಬೀಳುವ ಕಡೆ ಇರುವವನು. ಹೆಸರು ಹೇಳಿದರೆ ಆಯುಸ್ಸು ಕಡಿಮೆ ಎಂದು ಅವಳಿಗೆ ಅವಳಮ್ಮ ಹೇಳಿಕೊಟ್ಟಿದ್ದಳು. ಅವಳು ತಲೆ ತಗ್ಗಿಸಿದಳು.

"ನೋಡಿದ್ರಾ," ಅಂದಳು ಗೋವಿಂದಮ್ಮ ಗಂಡನಿಗೆ. "ಇದ್ದಿದ್ರೆ ಹೇಳ್ತಿರ್ಲಿಲ್ವಾ?"

"ಹೆಂಗಸು ಹೆಂಗೆ ಹೇಳ್ತಾಳೆ, ಬಿಡು," ಅಂದ ಮುದುಕ ಮೆಲ್ಲಗೆ.

"ಸುಳ್ಳಾದ್ರೆ ಹೇಳಲ್ಲ. ನಿಜ ಆದ್ರೆ, ದುಡ್ಡು ಬೇಕು ಅಂದ್ರೆ, ಹೇಳ್ತಾಳೆ."

ಮುದುಕಿ ಗಂಟನ್ನು ಮಡಿಲಿಗೆ ಸೇರಿಸಿಕೊಂಡು ಕೆಂಪಿಯನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಬೇಕಾದರೆ ನೀನು ಹೋಗು, ಅವನನ್ನು ಕಳಿಸು, ಅಲ್ಲಿಯವರೆಗೆ ಕೂಸು ನಮ್ಮ ಹತ್ತಿರ ಇರಲಿ ಅಂದಳು. ಅದು ಬೆದರಿಕೆಯ ದನಿಯಲ್ಲ, ಅಜ್ಜಿಯ ದನಿ. ಅದಕ್ಕೇ ಮುನಿಲಕ್ಷ್ಮಮ್ಮನಿಗೆ ಬೆದರಿಕೆಗಿಂತ ಹೆಚ್ಚು ಭಯವಾಯಿತು. ಆ ಕಡೆ ಮಾವ ಮಗುವನ್ನು ಹಿಡಿದಿಟ್ಟುಕೊಂಡಿದ್ದಾನೆ, ಈ ಕಡೆ ಇವರು. ನಡುವೆ ತಾನು ಹೇಳದ ಎರಡು ಹೆಸರು. ಅವಳು ಎದ್ದು ನಿಂತಳು. ಸೆರಗನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಮುನಿಶಾಮಿ," ಅಂದಳು.

ದನಿ ತನ್ನದಲ್ಲವೇನೋ ಎನ್ನಿಸಿತು. ಇನ್ನೊಮ್ಮೆ, ಬಿಡಿಸಿ ಹೇಳಿದಳು. "ನನ್ನ ಗಂಡನ ಹೆಸ್ರು ಮುನಿಶಾಮಿ. ಮಹದೇವಪುರದ ಚಿಕ್ಕವೆಂಕಟಪ್ಪನ ದೊಡ್ಡ ಮಗ. ಬರ್ಮಾದ ಕಡೆ ಲಾರಿ ಓಡಿಸ್ತಾನೆ. ಬದುಕವ್ನೋ ಇಲ್ವೋ ಎರಡು ತಿಂಗಳಿಂದ ಕಾಗದ ಇಲ್ಲ. ನನ್ನ ಮಗೂನ ಕೊಡಿ ತಾಯಿ."

ಹೇಳಿ ಮುಗಿಸಿ, ಎರಡು ಕೆನ್ನೆಗೂ ತಾನೇ ಬಡಿದುಕೊಂಡಳು.

ಮುದುಕ ಎದ್ದು ಬಂದು ಹೆಂಡತಿಯ ಮಡಿಲಿನಿಂದ ಗಂಟನ್ನು ತೆಗೆದುಕೊಂಡ. ಅವಳು ಬಿಡಲಿಲ್ಲ, ಆಮೇಲೆ ಬಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇಷ್ಟು ದಿನ ಮನೆಯಲ್ಲಿ ಇದ್ದ ಯಾರೋ ಎದ್ದುಹೋದ ಹಾಗಿತ್ತು. ಕೆಂಪಿಯ ಕಿವಿಯ ಹಿಂದೆ ತಾನು ಸರಿಸಿದ್ದ ಕೂದಲನ್ನು ಮತ್ತೆ ಮೊದಲಿನ ಹಾಗೆ ಬಿಟ್ಟಳು.

"ಅಂಗಾರೆ ಅವ್ನದಲ್ಲ," ಅಂದಳು, ಅಷ್ಟೇ.

ಗಂಟು ಕೈಗೆ ಬಂತು. ಇನ್ನು ಹೊರಡಬಹುದಿತ್ತು. ಸಂಜೆಯ ರೈಲಿಗೆ ಹೊತ್ತಾಗುತ್ತಿತ್ತು. ಆದರೆ ಮುದುಕಿ ಮೊರವನ್ನು ಮತ್ತೆ ಎತ್ತಿಕೊಂಡು, ಕೇರದೆ, ಹಾಗೇ ಹಿಡಿದು ಕೂತದ್ದನ್ನು ನೋಡಿ ಮುನಿಲಕ್ಷ್ಮಮ್ಮ ಹೊಸಿಲ ಹತ್ತಿರ ನಿಂತಳು. ತಾನು ಕಳ್ಳನ ಕಥೆ ಎಂದು ತಳ್ಳಿಹಾಕಿದ ಹಬೀಬ್ ಸಾಬರ ಮಾತು ಆಗ ನೆನಪಿಗೆ ಬಂತು. ಇವರು ಆ ದುಡ್ಡನ್ನು ಮುಟ್ಟಿಲ್ಲ ಅಂದರೆ ಇವರ ಜೊತೆ ಸಾಬರಿಗೆ ಪಾಲೂ ಇಲ್ಲ. ಪಾಲಿಲ್ಲ ಅಂದರೆ ಅವರು ಹೇಳಿದ್ದು ನಿಜ. ನಿಜವಾದರೆ, ಈ ಹೆಸರನ್ನು ಅವರಿಗೆ ಹೇಳಿದವನು ಒಬ್ಬ ಇದ್ದಾನೆ.

ಅವಳು ಹೇಳಿದಳು. ಲಾರಿಯವನೊಬ್ಬ ಈ ಮನೆಯ ಹೆಸರಿಗೆ ಫಾರಂ ಬರೆಸಿ, ದುಡ್ಡು ಸಾಲದೆ, ಜೇಬಿನಲ್ಲಿಟ್ಟುಕೊಂಡು ಹೋದನಂತೆ. ಯಾರು ಅಂತ ತನಗೆ ಗೊತ್ತಿಲ್ಲ, ತಾನು ಕೇಳಲೂ ಇಲ್ಲ. ಬರೆದವರು ಅಂಚೆ ಕಛೇರಿಯ ಹೊರಗೆ ಕೂರುತ್ತಾರೆ.

ದುಡ್ಡು ಸಿಕ್ಕಿದ ಖುಷಿಗೆ ಹೇಳುತ್ತಿದ್ದೀಯೋ, ನಮ್ಮನ್ನು ಸಮಾಧಾನ ಮಾಡೋಕೆ ಹೇಳುತ್ತಿದ್ದೀಯೋ ಎಂದು ಮುದುಕ ಕೇಳಿದ. ಎರಡೂ ಅಲ್ಲ ಅಂದಳು. ಅವನು ಒಳಗೆ ಹೋಗಿ ಅಂಗಿ ಹಾಕಿಕೊಂಡು, ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದ. ಗೋವಿಂದಮ್ಮ ಮುದ್ದೆಯೊಂದನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಗಂಡನ ಕೈಗೆ ಕೊಟ್ಟಳು.

ದಾರಿಯಲ್ಲಿ ಮಹದೇವಪುರ. ಮಾವ ಇನ್ನೂ ಜಗಲಿಯ ಮೇಲೇ ಇದ್ದ. ಸೊಸೆಯ ಜೊತೆ ಅಪರಿಚಿತ ಗಂಡಸು ಬಂದದ್ದನ್ನು ಕಂಡು ಎದ್ದು ನಿಂತ. ಮುನಿಲಕ್ಷ್ಮಮ್ಮ ಗಂಟನ್ನು ಜಗಲಿಯ ಮೇಲಿಟ್ಟಳು. ಚಿಕ್ಕವೆಂಕಟಪ್ಪ ಬಿಚ್ಚಿ, ನೋಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮುನಿಆಂಜನಪ್ಪನ ಕಡೆ ತಿರುಗಿದ.

"ಕೈಗೆ ಬಂದ ದುಡ್ಡನ್ನ ಸುಮ್ನೆ ಕೊಟ್ಬಿಟ್ರಾ? ಇವ್ಳ್ದೇ ಅಂತ ಹೆಂಗೆ ಗೊತ್ತಾಯ್ತು? ಏನು ಹೇಳಿದ್ಲು?"

ಮುನಿಲಕ್ಷ್ಮಮ್ಮ ನೆಲ ನೋಡಿದಳು. ಅವಳು ಹೇಳಿದ್ದು ಈ ಜಗಲಿಗೆ ಗೊತ್ತಾದರೆ ದುಡ್ಡು ಬಂದದ್ದೂ ಪ್ರಯೋಜನಕ್ಕೆ ಬರುವುದಿಲ್ಲ. ಗಂಡನ ಹೆಸರನ್ನೂ ಮಾವನ ಹೆಸರನ್ನೂ ಯಾರದೋ ಮನೆ ಬಾಗಿಲಲ್ಲಿ ಕೂಗಿದವಳಿಗೆ ಮಗುವನ್ನು ಕೊಟ್ಟು ಕಳಿಸುತ್ತಾರೆಯೇ? ಮುನಿಆಂಜನಪ್ಪ ಅವಳನ್ನು ಒಮ್ಮೆ ನೋಡಿದ.

"ಮರ್ಯಾದೆಯಾಗಿ ಕೇಳಿದ್ಲು. ಕೊಟ್ಟೆ," ಅಂದ. "ನನ್ನ ಮಗ ಕಳಿಸ್ದ ದುಡ್ಡು ಅಂತ ಮಡಗಿದ್ದೆ. ಅಲ್ಲ ಅಂತ ತಿಳೀತು. ನಿಮ್ಮನೆ ಹೆಣ್ಣುಮಗಳು ಸುಳ್ಳು ಹೇಳೋಳಲ್ಲ ಅಂತ ಹೇಳ್ಬಿಟ್ಟು ಹೋಗೋಣ ಅಂತ ಬಂದೆ."

ಮಾವ ಇನ್ನೂ ಏನೋ ಕೇಳುವವನಿದ್ದ. ಆದರೆ ಹೊರಗಿನವನು, ವಯಸ್ಸಿನವನು, ಜಗಲಿಯ ಮೇಲೆ ಕೂರಲೂ ಒಪ್ಪದೆ ನಿಂತು ಆಡಿದ ಮಾತು. ನೋಟುಗಳನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೊಸೆಯ ಮುಖ ನೋಡದೆ, ಹೊತ್ತು ಮುಳುಗೋದರೊಳಗೆ ರೈಲು ಹಿಡಿಯೋದಾದರೆ ಹುಡುಗಿಯ ಬಟ್ಟೆ ಗಂಟು ಕಟ್ಟಿಕೋ ಅಂದ. ವಾರಗಿತ್ತಿ ಎರಡು ಲಂಗ ತಂದು ಕೊಟ್ಟಳು. ಒಂದು ಇನ್ನೂ ಒದ್ದೆಯಾಗಿತ್ತು.

ರೈಲಿನಲ್ಲಿ ಜಾಗ ಸಿಕ್ಕಿತು. ಕೆಂಪಿ ಕಿಟಕಿಯ ಹತ್ತಿರ ಕೂತವಳು ಸ್ವಲ್ಪ ಹೊತ್ತಿಗೇ ತೂಕಡಿಸಿ, ತಲೆ ಅಮ್ಮನ ಮೇಲೆ, ಕಾಲು ಮುದುಕನ ಮೇಲೆ ಹಾಕಿ ಮಲಗಿಬಿಟ್ಟಳು. ಮುನಿಆಂಜನಪ್ಪ ಆ ಬರೆಯುವ ಸಾಬರ ವಿಷಯ ಕೇಳುತ್ತಲೇ ಇದ್ದ. ದಿನಾ ಕೂರುತ್ತಾನೋ? ಬರೆಸಿದವರ ಮುಖ ಜ್ಞಾಪಕ ಇಟ್ಟುಕೊಂಡಿರುತ್ತಾನೋ? ಕಾಸು ಕೇಳುತ್ತಾನೋ? ನಿಜ ಹೇಳುವ ಮನುಷ್ಯನೋ? ಅವಳಿಗೆ ಎಲ್ಲದಕ್ಕೂ ಉತ್ತರ ಗೊತ್ತಿರಲಿಲ್ಲ. ತಾನು ಆತನನ್ನು ಕಳ್ಳ ಎಂದು ಬೈದದ್ದನ್ನು ಹೇಳಿದಳು. ಮುದುಕ ನಗಲಿಲ್ಲ.

ರಾತ್ರಿಗೆ ಹಲಸೂರಿನ ಛತ್ರಕ್ಕೆ ಹೋಗುತ್ತೇನೆ ಅಂದ. ಅಪರಿಚಿತ ಊರಿನಲ್ಲಿ ಹುಡುಕುವುದು ಯಾಕೆ, ಬಂಗಲೆಯ ಹಿಂದೆ ಅಕ್ತರ್ ಸಾಬರ ಕೋಣೆಯ ಮುಂದೆ ಜಗಲಿ ಇದೆ, ಅಲ್ಲೇ ಮಲಗಿ, ಬೆಳಿಗ್ಗೆ ನಾನೇ ಕರೆದುಕೊಂಡು ಹೋಗುತ್ತೇನೆ ಅಂದಳು ಅವಳು. ಅವನು ಅನುಮಾನದಿಂದ ನೋಡಿದ.

"ನಿಮ್ಮನೆಯೋರಿಗೆ ಗೊತ್ತಾದ್ರೆ ಏನಾರ ಅಂದಾರು."

"ಅನ್ಲಿ ಬಿಡಿ," ಅಂದಳು ಮುನಿಲಕ್ಷ್ಮಮ್ಮ. ಮಗುವಿನ ಕಾಲುಗಳು ಜಾರುತ್ತಿದ್ದವು. ಮುದುಕ ಕಂಬಳಿಯ ಅಂಚನ್ನು ಎಳೆದು ಅವುಗಳ ಮೇಲೆ ಹೊದಿಸಿದ. ಹೊರಗೆ ಬೈಯಪ್ಪನಹಳ್ಳಿಯ ದೀಪಗಳು ಹಿಂದೆ ಸರಿದವು.